ರಾಜೀನಾಮೆ ಕೊಟ್ಟಿಲ್ಲ ಎಂದು ಅಂದೇ ಬರೆಯಿರಿ

ಶುಕ್ರವಾರ ಸಂಜೆ ಐದರ ಹೊತ್ತಿಗೆ ಎಚ್‌ಆರ್ ಕ್ಯಾಬಿನ್‌ಗೆ ಕರೆ ಬರುತ್ತದೆ. ಮೊಬೈಲ್ ಹೊರಗಿಟ್ಟು ಬನ್ನಿ ಅನ್ನುತ್ತಾರೆ. ಒಳಗೆ ಹೋದರೆ ಮೇಜಿನ ಮೇಲೆ ಆಗಲೇ ಟೈಪ್ ಮಾಡಿದ ಒಂದು ಹಾಳೆ: "ವೈಯಕ್ತಿಕ ಕಾರಣಗಳಿಂದ ನನ್ನ ಹುದ್ದೆಗೆ ಸ್ವಇಚ್ಛೆಯಿಂದ ರಾಜೀನಾಮೆ ನೀಡುತ್ತಿದ್ದೇನೆ."

ಬೆಂಗಳೂರಿನ ಪೀಣ್ಯದಲ್ಲೊಂದು ಬಿಡಿಭಾಗ ಕಾರ್ಖಾನೆ, ಅಲ್ಲಿ ಆರು ವರ್ಷ ನಾಲ್ಕು ತಿಂಗಳಿಂದ ದುಡಿಯುತ್ತಿರುವ ಒಬ್ಬ ಸ್ಟೋರ್ಸ್ ಕ್ಲರ್ಕ್ ಎಂದಿಟ್ಟುಕೊಳ್ಳೋಣ. ಲೆಕ್ಕದಲ್ಲಿರುವಷ್ಟು ಮಾಲು ರ‍್ಯಾಕಿನಲ್ಲಿಲ್ಲ. ಎಣಿಕೆ ಸರಿಯಿದೆ ಎಂದು ಸಹಿ ಹಾಕಲು ಆಕೆ ಒಪ್ಪಲಿಲ್ಲ, ಮ್ಯಾನೇಜರ್ ಜೊತೆ ಮಾತಿಗೆ ಮಾತು ಬೆಳೆಯಿತು. ವಾರ ಕಳೆಯುವುದರೊಳಗೆ ಈ ಕರೆ. "ನೋಡಿ ಮೇಡಂ, ಸೈನ್ ಹಾಕಿಬಿಡಿ, ರಿಲೀವಿಂಗ್ ಲೆಟರ್ ನೀಟಾಗಿ ಕೊಡ್ತೀವಿ. ಇಲ್ಲಾಂದ್ರೆ ಟರ್ಮಿನೇಟ್ ಮಾಡ್ಬೇಕಾಗುತ್ತೆ, ಮುಂದೆ ಎಲ್ಲೂ ಕೆಲಸ ಸಿಗಲ್ಲ."

ಕಂಪನಿಗೆ ಆ ಸಹಿ ಯಾಕೆ ಅಷ್ಟು ಬೇಕು? ಕಂಪನಿಯೇ ಕೆಲಸದಿಂದ ತೆಗೆದರೆ ಕಾರಣ ಹೇಳಬೇಕು. ತಪ್ಪು ಮಾಡಿದ್ದಾರೆ ಎನ್ನುವುದಾದರೆ ಆರೋಪ ಪತ್ರ ಕೊಟ್ಟು ವಿಚಾರಣೆ ನಡೆಸಬೇಕು. ಕೆಲಸವಿಲ್ಲ ಎಂದು ತೆಗೆಯುವುದಾದರೆ, ಕಾರ್ಮಿಕರಿಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡಬೇಕು, ಜೊತೆಗೆ ಪೂರ್ಣಗೊಂಡ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕು. ರಾಜೀನಾಮೆ ಬಂದರೆ ಇದ್ಯಾವುದೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ರುಜುವಾತಿನ ಹೊರೆ ಈ ಕಡೆಯಿಂದ ಆ ಕಡೆಗೆ ಹೋಗುತ್ತದೆ. ಯಾಕೆ ತೆಗೆದಿರಿ ಎಂದು ಕಂಪನಿ ಹೇಳಬೇಕಾದ ಜಾಗದಲ್ಲಿ, ಬಲವಂತದಿಂದ ಸಹಿ ಹಾಕಿಸಿದರು ಎಂದು ನೌಕರರೇ ಸಾಬೀತು ಮಾಡಬೇಕಾಗುತ್ತದೆ. ಮುಚ್ಚಿದ ಕ್ಯಾಬಿನ್‌ನಲ್ಲಿ ನಡೆದದ್ದಕ್ಕೆ ಸಾಕ್ಷಿ ಎಲ್ಲಿಂದ ತರುವುದು?

ಆದ್ದರಿಂದ ಆ ಕೋಣೆಯಲ್ಲಿ ವಾದಕ್ಕೆ ಇಳಿಯುವುದರಿಂದ ಪ್ರಯೋಜನ ಕಡಿಮೆ. "ಸರ್, ಇವತ್ತು ಸೈನ್ ಹಾಕಲ್ಲ. ಪ್ರತಿ ಕೊಡಿ, ಓದಿ ಉತ್ತರ ಕೊಡ್ತೀನಿ" ಅಂದರೆ ಸಾಕು. ಪತ್ರ ತಲುಪಿದ್ದಕ್ಕೆ ಸಹಿ ಬೇಕೇಬೇಕು ಎಂದು ಹಟ ಹಿಡಿದರೆ, "ಪ್ರತಿ ಪಡೆದಿದ್ದೇನೆ, ಇದರ ವಿಷಯವನ್ನು ಒಪ್ಪಿಲ್ಲ" ಎಂದು ಸ್ವಂತ ಕೈಬರಹದಲ್ಲಿ ಬರೆದು, ಕೆಳಗೆ ದಿನಾಂಕ, ಸಮಯ ಹಾಕಬಹುದು. ರಾಜೀನಾಮೆ ಪತ್ರದ ಮೇಲೆ ಮಾತ್ರ ಇದನ್ನೂ ಬರೆಯಬಾರದು. ಈಗ ಅನೇಕ ಕಡೆ ಕಾಗದವೇ ಇರುವುದಿಲ್ಲ, ಎಚ್‌ಆರ್ ಪೋರ್ಟಲ್‌ನಲ್ಲಿ ಒಂದು ಬಟನ್ ಒತ್ತಿಸುತ್ತಾರೆ ಅಥವಾ ಮೊಬೈಲ್‌ಗೆ ಬಂದ ಒಟಿಪಿ ಕೇಳುತ್ತಾರೆ. ಅದೂ ಸಹಿಯೇ.

ಇಂಥ ಹೊತ್ತಿನಲ್ಲಿ ಎರಡನೆಯ ಹಾಳೆಯೊಂದು ಮೆಲ್ಲಗೆ ಮುಂದೆ ಬರುವುದುಂಟು: "ನನ್ನ ನಿರ್ಲಕ್ಷ್ಯದಿಂದ ಮಾಲು ಕಡಿಮೆಯಾಗಿದೆ." ನನ್ನ ಪ್ರಕಾರ ಇದು ರಾಜೀನಾಮೆಗಿಂತ ಅಪಾಯಕಾರಿ. ಐದು ವರ್ಷ ಪೂರೈಸಿದವರಿಗೆ ರಾಜೀನಾಮೆ ಕೊಟ್ಟರೂ ಗ್ರಾಚ್ಯುಟಿ ಸಿಗಬೇಕು. ಈಕೆಯ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 20,800 ರೂಪಾಯಿ ಆದರೆ, ಅದನ್ನು 26ರಿಂದ ಭಾಗಿಸಿ, 15ರಿಂದಲೂ ಆರು ವರ್ಷದಿಂದಲೂ ಗುಣಿಸಿದರೆ 72,000 ರೂಪಾಯಿ ಬರುತ್ತದೆ. ಸಹಿ ಹಾಕದಿದ್ದರೆ ಗ್ರಾಚ್ಯುಟಿ ಕೊಡುವುದಿಲ್ಲ ಎಂಬ ಬೆದರಿಕೆಯಲ್ಲಿ ಹುರುಳಿಲ್ಲ. ಆದರೆ ಬೇಕೆಂದು ಅಥವಾ ನಿರ್ಲಕ್ಷ್ಯದಿಂದ ಕಂಪನಿಗೆ ನಷ್ಟ ಮಾಡಿದ ಕಾರಣಕ್ಕೆ ವಜಾ ಆದವರ ಗ್ರಾಚ್ಯುಟಿಯಲ್ಲಿ ಆ ನಷ್ಟದಷ್ಟು ಹಿಡಿದುಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ. ಆ ಎರಡನೆಯ ಹಾಳೆ ಅದಕ್ಕೇ ದಾರಿ ಮಾಡಿಕೊಡುತ್ತದೆ.

ಕೋಣೆಯಿಂದ ಹೊರಬಂದ ಮೇಲಿನ ಕೆಲವು ಗಂಟೆಗಳೇ ಇಲ್ಲಿ ನಿರ್ಣಾಯಕ. ಅಳು ಬರುತ್ತದೆ, ಕೈ ನಡುಗುತ್ತದೆ, ಮನೆಯವರಿಗೆ ಏನು ಹೇಳಲಿ ಅನ್ನಿಸುತ್ತದೆ. ಹಾಗಿದ್ದರೂ ಅದೇ ರಾತ್ರಿ ಸ್ವಂತ ಇಮೇಲ್‌ನಿಂದ ಒಂದು ಪತ್ರ ಹೋಗಬೇಕು. ಆಫೀಸಿನ ಮೇಲ್ ಯಾವ ಗಳಿಗೆಯಲ್ಲಾದರೂ ಬಂದ್ ಆಗಬಹುದು. ಹಾಗೆಂದು ಕಂಪನಿಯ ಕಡತಗಳನ್ನು ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬಾರದು, ಅದನ್ನೇ ಹೊಸ ಆರೋಪ ಮಾಡುತ್ತಾರೆ. ಪತ್ರ ಇಷ್ಟಿದ್ದರೆ ಸಾಕು:

"ಇಂದು ಸಂಜೆ 5 ಗಂಟೆಯಿಂದ 5.50ರವರೆಗೆ ಎಚ್‌ಆರ್ ಕೋಣೆಯಲ್ಲಿ ತಾವೂ ಪ್ಲಾಂಟ್ ಮ್ಯಾನೇಜರ್ ಅವರೂ ಇದ್ದಾಗ, ಮೊದಲೇ ಸಿದ್ಧಪಡಿಸಿದ್ದ ರಾಜೀನಾಮೆ ಪತ್ರಕ್ಕೆ ಸಹಿ ಹಾಕುವಂತೆ ನನಗೆ ಹೇಳಲಾಯಿತು. ಸಹಿ ಹಾಕದಿದ್ದರೆ ಕೆಲಸದಿಂದ ತೆಗೆಯುವುದಾಗಿ ತಿಳಿಸಲಾಯಿತು. ನಾನು ಸಹಿ ಹಾಕಿಲ್ಲ. ನಾನು ರಾಜೀನಾಮೆ ಕೊಟ್ಟಿಲ್ಲ, ಕೊಡುವ ಉದ್ದೇಶವೂ ಇಲ್ಲ. ನಾಳೆ ಎಂದಿನಂತೆ ಕೆಲಸಕ್ಕೆ ಬರುತ್ತೇನೆ. ನನ್ನ ಮೇಲೆ ಯಾವುದೇ ದೂರಿದ್ದರೆ ದಯವಿಟ್ಟು ಬರಹದಲ್ಲಿ ಕೊಡಿ, ಉತ್ತರಿಸುತ್ತೇನೆ."

ಮಾಲು ಯಾಕೆ ಕಡಿಮೆಯಾಯಿತು, ಮ್ಯಾನೇಜರ್ ಹಿಂದೆ ಏನೇನು ಮಾಡಿದ್ದರು ಎಂಬ ಮಾತು ಇದರಲ್ಲಿಲ್ಲ. ಅದನ್ನೆಲ್ಲ ಬರೆದರೆ ಪತ್ರದ ತೂಕ ಇಳಿಯುತ್ತದೆ, ಸಿಟ್ಟಿನಲ್ಲಿ ಬರೆದ ಒಂದು ಸಾಲು ಮುಂದೆ ತಿರುಗಿ ಬರುತ್ತದೆ. "ಯೋಚಿಸಿ ಹೇಳುತ್ತೇನೆ" ಎಂದೂ ಬರೆಯಬಾರದು, ಅರ್ಧ ಒಪ್ಪಿಗೆಯಂತೆ ಓದಿಸಿಕೊಳ್ಳುತ್ತದೆ. ಇದೇ ಪತ್ರದ ಪ್ರತಿಯನ್ನು ಸ್ವೀಕೃತಿ ಸಿಗುವ ಅಂಚೆಯಲ್ಲೂ ಕಳಿಸಿದರೆ ಒಳ್ಳೆಯದು.

ಮಾರನೆಯ ದಿನ ತಪ್ಪದೆ ಕೆಲಸಕ್ಕೆ ಹೋಗಬೇಕು. ಬೇಸರದಿಂದ ಮನೆಯಲ್ಲಿ ಕುಳಿತವರ ಕೈಗೆ, ಹೇಳದೆ ಕೇಳದೆ ಕೆಲಸ ಬಿಟ್ಟರು ಎಂಬ ನೋಟಿಸ್ ಬರುವುದು ಮಾಮೂಲು. ಗೇಟಿನಲ್ಲೇ ತಡೆದರೆ ಅಲ್ಲಿಂದಲೇ ಮತ್ತೊಂದು ಮೇಲ್: "ಬೆಳಿಗ್ಗೆ 8.55ಕ್ಕೆ ಬಂದೆ, ಕಾರ್ಡ್ ಕೆಲಸ ಮಾಡಲಿಲ್ಲ, ಸೆಕ್ಯುರಿಟಿಯವರು ಒಳಗೆ ಬಿಡಲಿಲ್ಲ. ನಾನು ಕೆಲಸಕ್ಕೆ ಸಿದ್ಧಳಿದ್ದೇನೆ." ಈ ಪತ್ರಗಳು ಜೊತೆಗಿದ್ದರೆ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ ಹೇಳಬೇಕಾದದ್ದರಲ್ಲಿ ಬಹುಪಾಲು ಆಗಲೇ ಹೇಳಿದಂತೆ. ಬೆಂಗಳೂರಿನವರಿಗೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಿದರೆ ತಮ್ಮ ಪ್ರದೇಶದ ಅಧಿಕಾರಿ ಯಾರೆಂದು ತಿಳಿಯುತ್ತದೆ.

ಹೆದರಿ ಸಹಿ ಹಾಕಿಬಿಟ್ಟಿದ್ದರೆ? ಆಗಲೂ ದಾರಿ ಪೂರ್ತಿ ಮುಚ್ಚಿಲ್ಲ. ಕೊಂಕಣ ರೈಲ್ವೆಯಲ್ಲಿ 1990ರಿಂದ ದುಡಿದ ನೌಕರರೊಬ್ಬರು 2013ರ ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಟ್ಟು, 2014ರ ಮೇ ತಿಂಗಳಲ್ಲಿ ಹಿಂಪಡೆದರು. ಏಪ್ರಿಲ್‌ನಲ್ಲೇ ಅಂಗೀಕರಿಸಿದ್ದೇವೆ ಎಂದು ನಿಗಮ ವಾದಿಸಿತು. ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠದಲ್ಲಿ ಗೆದ್ದು ವಿಭಾಗೀಯ ಪೀಠದಲ್ಲಿ ಸೋತ ಅವರಿಗೆ, 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೆಲಸ ಮರಳಿ ಕೊಡಿಸಿತು. ಆ ಅಂಗೀಕಾರ ನೌಕರರಿಗೆ ತಲುಪಿಯೇ ಇರಲಿಲ್ಲ, ಕಚೇರಿಯೊಳಗಿನ ಟಿಪ್ಪಣಿಯನ್ನು ಅಂಗೀಕಾರ ಎನ್ನಲಾಗದು ಎಂಬುದು ತೀರ್ಪಿನ ತಿರುಳು. ಹಾಗಾಗಿ ಅಂಗೀಕಾರ ಪತ್ರ ಕೈಸೇರುವ ಮೊದಲೇ "ಒತ್ತಡದಲ್ಲಿ ಸಹಿ ಹಾಕಿದ್ದೇನೆ, ಹಿಂಪಡೆಯುತ್ತಿದ್ದೇನೆ" ಎಂದು ಬರೆದು ಕಳಿಸಬೇಕು. ಸಹಿ ಹಾಕಿಸಿದ ಕೂಡಲೇ ಅಂಗೀಕಾರ ಪತ್ರವನ್ನೂ ಕೈಗಿಟ್ಟಿದ್ದರೆ ಈ ದಾರಿ ತುಂಬಾ ಕಿರಿದಾಗುತ್ತದೆ. ಆಗ ಉಳಿಯುವುದು ಬಲವಂತದ ವಾದವೊಂದೇ, ಅದಕ್ಕೆ ಅದೇ ರಾತ್ರಿ ಬರೆದ ಪತ್ರಕ್ಕಿರುವ ಬೆಲೆ ತಿಂಗಳ ನಂತರದ ಪತ್ರಕ್ಕಿಲ್ಲ.

ಮ್ಯಾನೇಜರ್ ದರ್ಜೆಯವರಿಗೆ ಕಾರ್ಮಿಕ ಕಾನೂನಿನ ಈ ರಕ್ಷಣೆ ಬಹುತೇಕ ಸಿಗುವುದಿಲ್ಲ. ಖಾಸಗಿ ಕಂಪನಿಯಲ್ಲಿರುವ ಅವರಿಗೆ ನೇಮಕಾತಿ ಪತ್ರದ ಷರತ್ತುಗಳೇ ಆಧಾರ, ಕೆಲಸ ಮರಳಿ ಸಿಗುವುದಕ್ಕಿಂತ ನೋಟಿಸ್ ಅವಧಿಯ ಹಣ ಸಿಗುವ ಸಂಭವವೇ ಹೆಚ್ಚು. ಹಾಗಾಗಿ ಅವರಲ್ಲಿ ಕೆಲವರು, ಒಮ್ಮೊಮ್ಮೆ ಕಾರ್ಮಿಕರೂ, ಅಲ್ಲಿ ಇರುವುದೇ ಬೇಡ ಎಂದು ತೀರ್ಮಾನಿಸುತ್ತಾರೆ. ಅದು ತಪ್ಪಲ್ಲ. ಆದರೆ ಆ ತೀರ್ಮಾನಕ್ಕೆ ಎರಡು ಮೂರು ದಿನ ಕಾಲಾವಕಾಶವನ್ನು ಬರಹದಲ್ಲೇ ಕೇಳಿ, ನೋಟಿಸ್ ಸಂಬಳ ಎಷ್ಟು, ಉಳಿದ ರಜೆಯ ಹಣ ಎಷ್ಟು, ಯಾವ ದಿನಾಂಕಕ್ಕೆ ಖಾತೆಗೆ ಬರುತ್ತದೆ, ರಿಲೀವಿಂಗ್ ಲೆಟರ್‌ನಲ್ಲಿ ಏನೆಂದು ಬರೆಯುತ್ತಾರೆ ಎಂಬ ನಾಲ್ಕಕ್ಕೂ ಕಂಪನಿಯಿಂದ ಉತ್ತರ ಬಂದ ಮೇಲೆ ರಾಜೀನಾಮೆ ಪತ್ರವನ್ನು ತಾವೇ ಬರೆಯಬೇಕು.