ದೆಹಲಿ ಬೇಸಿಗೆಗೆ ಫ್ಯಾನ್ ಸಾಕಾ, ಕೂಲರ್ ಬೇಕಾ, ಏಸಿನೇ ಬೇಕಾ?

ಈ ವಿಷಯದ ಮೇಲೆ ಮಾತಾಡಿ ಅಂತ ಪ್ರತಿ ಏಪ್ರಿಲ್‌ನಲ್ಲೂ ಯಾರಾದ್ರೂ ಕೇಳ್ತಾರೆ. ಹೆಚ್ಚಾಗಿ ಊರಿಂದ ಹೊಸದಾಗಿ ದೆಹಲಿಗೆ ಬಂದು, ಬಾಡಿಗೆಗೆ ಮೇಲಿನ ಮಹಡಿಯ ರೂಮು ಹಿಡಿದಿರೋ ಹುಡುಗರು. ನಾನೂ ಹಾಗೇ ಬಂದವನು. ವಿಡಿಯೋದಲ್ಲಿ ಹೇಳಿದ್ದನ್ನೇ ಇಲ್ಲಿ ಲೆಕ್ಕದ ಸಮೇತ ಬರೆದಿದ್ದೇನೆ.

ಮೊದಲ ಬೇಸಿಗೆಯಲ್ಲಿ ನಮ್ಮ ರೂಮಲ್ಲಿ ಫ್ಯಾನ್ ಮಾತ್ರ ಇತ್ತು. ಮೇ ತಿಂಗಳಲ್ಲಿ ಬಾಗಲಕೋಟೆಯಿಂದ ಅಪ್ಪ ಬಂದ್ರು. ಆಗ ಅವರಿಗೆ ಎಪ್ಪತ್ತೆರಡು. "ನಮ್ಮೂರ ಬಿಸಿಲು ಕಂಡವನಿಗೆ ಇದೇನ್ ಮಹಾ" ಅಂದ್ರು. ಮೂರನೇ ದಿನ ನಾನು ಆಫೀಸಿಂದ ಬಂದಾಗ ಫ್ಯಾನ್ ಜೋರಾಗಿ ತಿರುಗ್ತಿತ್ತು, ಅಪ್ಪ ಅದರ ಕೆಳಗೇ ಮಲಗಿದ್ರು, ಎದ್ದು ನಿಂತರೆ ತಲೆ ಸುತ್ತು. ಬೆಳಿಗ್ಗೆಯಿಂದ ಒಂದೇ ಸಲ ಮೂತ್ರಕ್ಕೆ ಹೋಗಿದ್ದರಂತೆ. "ಬೆವರೇ ಬಂದಿಲ್ಲ, ಬಿಸಿಲು ಅಷ್ಟೇನಿಲ್ಲ" ಅಂತ ಬೇರೆ ಹೇಳ್ತಿದ್ರು. ಡಾಕ್ಟರು ನೋಡಿ, ನೀರಿನಂಶ ಕಮ್ಮಿಯಾಗಿದೆ ಅಂತ ಓಆರ್‌ಎಸ್ ಕುಡಿಸಿದ್ರು.

ಬೆವರು ಬಂದಿತ್ತು. ಒಣಗಾಳಿಗೆ ಅದು ಕಾಣೋ ಮುಂಚೆನೇ ಆರಿಹೋಗ್ತಿತ್ತು, ಅಷ್ಟೇ. ಫ್ಯಾನ್ ಗಾಳಿಯನ್ನ ತಂಪು ಮಾಡಲ್ಲ, ಇರೋ ಗಾಳಿಯನ್ನೇ ಮೈಮೇಲೆ ಓಡಿಸುತ್ತೆ. ನಮ್ಮ ಚರ್ಮ ಸುಮಾರು 35 ಡಿಗ್ರಿ ಇರುತ್ತೆ. ಗಾಳಿ ಅದಕ್ಕಿಂತ ತಣ್ಣಗಿದ್ದರೆ ಫ್ಯಾನ್ ಮೈಯ ಬಿಸಿ ತೆಗೀತದೆ, ಅದಕ್ಕಿಂತ ಬಿಸಿ ಇದ್ದರೆ ಬಿಸಿ ಸೇರಿಸ್ತದೆ. ಆಗ ತಂಪು ಸಿಗೋದು ಬೆವರು ಆರೋದರಿಂದ ಮಾತ್ರ. ವಯಸ್ಸಾದವರಿಗೆ ಬೆವರು ಕಮ್ಮಿ, ಬಾಯಾರಿಕೆನೂ ತಡವಾಗಿ ಗೊತ್ತಾಗ್ತದೆ. 40 ಡಿಗ್ರಿ ದಾಟಿದ ಮಧ್ಯಾಹ್ನ ಫ್ಯಾನ್ ಒಂದನ್ನೇ ನಂಬಬೇಡಿ ಅಂತ ನಾನು ಹೇಳೋದು ಅದಕ್ಕೇ. ಮೇಲಿನ ಮಹಡಿ ಆದರಂತೂ ಕಾದ ತಾರಸಿಯ ಕೆಳಗಿನ ಬಿಸಿಗಾಳಿಯನ್ನೇ ಅದು ಕೆಳಗೆ ತಳ್ಳುತ್ತೆ.

ಮಾರನೇ ದಿನವೇ ಒಂದು ತಗಡಿನ ಡೆಸರ್ಟ್ ಕೂಲರ್ ತಂದೆ, ಒಂಬತ್ತು ಸಾವಿರ ರೂಪಾಯಿ. ತಂದು ಒಂದು ದೊಡ್ಡ ತಪ್ಪು ಮಾಡಿದೆ: ರೂಮಿನ ಮಧ್ಯೆ ಇಟ್ಟು, ತಂಪು ಹೊರಗೆ ಹೋಗಬಾರದು ಅಂತ ಕಿಟಕಿ ಬಾಗಿಲೆಲ್ಲ ಹಾಕಿದೆ. ಅರ್ಧ ಗಂಟೆ ಚೆನ್ನಾಗಿತ್ತು. ಆಮೇಲೆ ಹಾಸಿಗೆ ಒದ್ದೆ ಒದ್ದೆ, ಮೈಯೆಲ್ಲ ಅಂಟು.

ಕೂಲರ್ ಕೆಲಸ ಮಾಡೋದು ನಮ್ಮೂರ ಮಣ್ಣಿನ ಹರವಿ ಥರಾನೇ. ಹರವಿಯ ಮೈಯಿಂದ ನೀರು ಆವಿಯಾಗ್ತಾ ಒಳಗಿನ ನೀರಿನ ಬಿಸಿ ಎಳ್ಕೊಂಡು ಹೋಗುತ್ತೆ. ಕೂಲರ್‌ನಲ್ಲಿ ಒದ್ದೆ ಹುಲ್ಲಿನ ಪ್ಯಾಡ್ ಮೂಲಕ ಗಾಳಿ ಹಾಯುವಾಗ ನೀರು ಆವಿಯಾಗಿ ಗಾಳಿಯ ಬಿಸಿ ಇಳಿಯುತ್ತೆ. ಆದರೆ ಆ ಆವಿ ಗಾಳಿಯಲ್ಲೇ ಉಳೀತದೆ. ಕಿಟಕಿ ಮುಚ್ಚಿದರೆ ಅದೇ ಒದ್ದೆ ಗಾಳಿ ಮತ್ತೆ ಮತ್ತೆ ಪ್ಯಾಡಿಗೆ ಬರುತ್ತೆ. ಒದ್ದೆ ಗಾಳಿಗೆ ಇನ್ನೂ ನೀರು ಹೀರೋ ಶಕ್ತಿ ಎಲ್ಲಿಂದ ಬರಬೇಕು? ಅದಕ್ಕೇ ಕೂಲರನ್ನ ಕಿಟಕಿಯ ಹೊರಗೆ, ಸ್ಟ್ಯಾಂಡ್ ಮೇಲೆ, ಆದಷ್ಟು ನೆರಳಲ್ಲಿ ಇಡಬೇಕು. ಹೊರಗಿನ ಒಣಗಾಳಿ ಒಳಗೆ ಬರಬೇಕು, ಎದುರಿನ ಕಿಟಕಿಯೋ ಬಾಗಿಲೋ ಸ್ವಲ್ಪ ತೆರೆದಿದ್ದು ಒದ್ದೆ ಗಾಳಿ ಹೋಗಬೇಕು. ಒಂದೇ ಕಿಟಕಿ ಇರೋ ರೂಮಿಗೆ, ಗಾಳಿ ಹೊರಹೋಗೋಕೆ ದಾರಿ ಇಲ್ಲದಿದ್ದರೆ, ಕೂಲರ್ ಕೊಳ್ಳಲೇಬೇಡಿ.

ಎಷ್ಟು ತಂಪಾಗುತ್ತೆ ಅನ್ನೋದನ್ನ ಮನೇಲೇ ಅಳೀಬಹುದು. ಸಾದಾ ಗೋಡೆ ಥರ್ಮಾಮೀಟರ್ ತಗೊಂಡು ಹೊರಗೆ ನೆರಳಲ್ಲಿ ಡಿಗ್ರಿ ನೋಡಿ. ಆಮೇಲೆ ಅದರ ಬುಡದ ಬುರುಡೆಗೆ ಒದ್ದೆ ಹತ್ತಿಬಟ್ಟೆ ಸುತ್ತಿ, ಅಲ್ಲೇ ಐದು ನಿಮಿಷ ಗಾಳಿ ಬೀಸಿ. ಡಿಗ್ರಿ ಇಳಿದು ಒಂದು ಕಡೆ ನಿಲ್ಲುತ್ತೆ. ಎರಡರ ವ್ಯತ್ಯಾಸದ ಸುಮಾರು ಮುಕ್ಕಾಲು ಭಾಗ ಒಳ್ಳೆ ಕೂಲರ್ ಇಳಿಸುತ್ತೆ. ಮೇ ಕೊನೆಯ ಒಂದು ಮಧ್ಯಾಹ್ನ ನನಗೆ ಸಿಕ್ಕಿದ್ದು ಒಣಗಿದ್ದಾಗ 42, ಒದ್ದೆ ಬಟ್ಟೇಲಿ 24. ವ್ಯತ್ಯಾಸ 18, ಅದರ ಮುಕ್ಕಾಲು ಹದಿಮೂರೂವರೆ. ಅಂದ್ರೆ ಕೂಲರ್ ಬಾಯಲ್ಲಿ ಇಪ್ಪತ್ತೆಂಟೂವರೆ ಡಿಗ್ರಿ ಗಾಳಿ. ಹೊರಗೆ ಲೂ ಬೀಸ್ತಾ ಇರೋವಾಗ ಇದು ಸ್ವರ್ಗ ಸ್ವಾಮಿ. ಜುಲೈಯಲ್ಲಿ ಅದೇ ಥರ್ಮಾಮೀಟರ್ 35 ಮತ್ತು 29 ತೋರಿಸಿತು. ಇಳಿಯೋದು ನಾಲ್ಕೂವರೆ ಡಿಗ್ರಿ, ಅದೂ ಒದ್ದೆಗಾಳಿ. ವ್ಯತ್ಯಾಸ ಹತ್ತಕ್ಕಿಂತ ಕೆಳಗೆ ಬಂದ್ರೆ ಕೂಲರಿನ ಪಂಪ್ ಬಂದ್ ಮಾಡಿ, ಬರೀ ಗಾಳಿ ಬಿಡೋದೇ ವಾಸಿ ಅಂತ ನನ್ನ ಅನುಭವ.

ಈಗ ದುಡ್ಡು. ನಮ್ಮ ಮನೆ ಮಾಲೀಕರು ಸಬ್‌ಮೀಟರ್ ಹಾಕಿ ಯೂನಿಟ್‌ಗೆ 8 ರೂಪಾಯಿ ತಗೋತಾರೆ. ದಿನಕ್ಕೆ ಹತ್ತು ಗಂಟೆ ಲೆಕ್ಕ ಹಿಡೀರಿ. 75 ವಾಟಿನ ಫ್ಯಾನ್‌ಗೆ ತಿಂಗಳಿಗೆ 180 ರೂಪಾಯಿ. 180 ವಾಟಿನ ಕೂಲರ್‌ಗೆ ಸುಮಾರು 430. ಆಮೇಲೆ ನಾನು ಹಾಕಿಸಿದ ಒಂದೂವರೆ ಟನ್ ಇನ್ವರ್ಟರ್ ಏಸಿ ಸರಾಸರಿ ಗಂಟೆಗೆ ಒಂದು ಯೂನಿಟ್ ತಿನ್ನುತ್ತೆ, ಅಂದ್ರೆ 2,400 ರೂಪಾಯಿ. ಏಸಿ, ಸ್ಟೆಬಿಲೈಸರ್, ಫಿಟ್ಟಿಂಗ್ ಎಲ್ಲ ಸೇರಿ 42 ಸಾವಿರ ಆಗಿತ್ತು. ಮನೆ ಬದಲಿಸಿದಾಗೆಲ್ಲ ಬಿಚ್ಚಿ ಕೂರಿಸೋ ಖರ್ಚು ಬೇರೆ.

ಕೂಲರ್ ಲೆಕ್ಕದಲ್ಲಿ ಎಲ್ಲರೂ ಮರೆಯೋದು ನೀರು. ಆ ಒಣಗಾಳಿಯಲ್ಲಿ ದೊಡ್ಡ ಕೂಲರ್ ಗಂಟೆಗೆ ಹತ್ತು ಲೀಟರ್ ಮೇಲೇ ಕುಡಿಯುತ್ತೆ, ಹತ್ತು ಗಂಟೆಗೆ ನೂರು ಲೀಟರ್. ನಲ್ಲಿ ನೀರು ಬೆಳಿಗ್ಗೆ ಒಂದು ಹೊತ್ತು ಮಾತ್ರ ಬರೋ ಕಡೆ, ಬಕೆಟ್ ಹೊತ್ತು ಮೂರನೇ ಮಹಡಿ ಹತ್ತೋದು ಅಂದ್ರೆ ಏಸಿ ಅಗ್ಗ ಅನ್ನಿಸಿಬಿಡುತ್ತೆ. ಬೋರ್‌ವೆಲ್ ಗಡಸು ನೀರಾದ್ರೆ ಪ್ಯಾಡಿಗೆ ಬಿಳಿ ಪದರ ಕಟ್ಟುತ್ತೆ. ಗಾಳಿಯಲ್ಲಿ ಮಧ್ಯೆ ಮಧ್ಯೆ ಬಿಸಿ ಎಳೆ ಬಂದರೆ ಪ್ಯಾಡಿನ ಆ ಭಾಗಕ್ಕೆ ನೀರು ಇಳೀತಿಲ್ಲ ಅಂತ ತಿಳ್ಕೊಳ್ಳಿ. ವಾರಕ್ಕೊಮ್ಮೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಉಜ್ಜಿ ಒಣಗಿಸಿ. ಇಲ್ಲದಿದ್ದರೆ ಕೆಟ್ಟ ವಾಸನೆ ಬರೋದಷ್ಟೇ ಅಲ್ಲ, ಡೆಂಗಿ ಸೊಳ್ಳೆ ಮೊಟ್ಟೆ ಇಡೋದೇ ಅಲ್ಲಿ.

ಇನ್ನೊಂದು ಮಾತು, ದಯವಿಟ್ಟು ಇದನ್ನ ಹಗುರವಾಗಿ ತಗೋಬೇಡಿ. ತಗಡಿನ ಕೂಲರ್, ನೀರು, ಕರೆಂಟು ಮೂರೂ ಒಟ್ಟಿಗೆ ಇರೋ ಜಾಗ ಅದು. ಹಳೇ ಬಾಡಿಗೆ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಕಾಣುತ್ತೆ, ಹಿಂದೆ ಅರ್ತಿಂಗ್ ಇರಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ನೋಡಿಸಿ, ಆರ್‌ಸಿಸಿಬಿ ಹಾಕಿಸಿ. ನೀರು ತುಂಬೋ ಮೊದಲು ಪ್ಲಗ್ ಕಿತ್ತುಬಿಡಿ. ಮುಟ್ಟಿದಾಗ ಸಣ್ಣಗೆ ಜುಮ್ ಅಂದ್ರೂ ಅವತ್ತೇ ನಿಲ್ಲಿಸಿ.

ಹಾಗಾದ್ರೆ ಏಸಿ ಯಾಕೆ ಹಾಕಿಸಿದೆ? ಮಳೆಗಾಲಕ್ಕೆ. ದೆಹಲಿಗೆ ಜೂನ್ ಕೊನೆಗೆ ಮಳೆ ಬರುತ್ತೆ, ಅಲ್ಲಿಂದ ಸೆಪ್ಟೆಂಬರ್ ತನಕ ಒದ್ದೆ ಸೆಕೆ. ಏಸಿ ಗಾಳಿಯಿಂದ ನೀರನ್ನೂ ತೆಗೆದು ಪೈಪಲ್ಲಿ ಹೊರಗೆ ಬಿಡುತ್ತೆ, ಆ ಕೆಲಸ ಕೂಲರ್‌ಗೂ ಫ್ಯಾನ್‌ಗೂ ಆಗಲ್ಲ. 26ಕ್ಕೆ ಇಟ್ಟು ಜೊತೆಗೆ ಫ್ಯಾನ್ ನಿಧಾನಕ್ಕೆ ತಿರುಗಿಸಿದ್ರೆ ನಮಗೆ ಸಾಕಾಗುತ್ತೆ. ಒಬ್ಬರೇ ಇರೋ ಗಟ್ಟಿ ಹುಡುಗರು ಜುಲೈಯನ್ನ ಫ್ಯಾನಲ್ಲೇ ಕಳೀಬಹುದು. ವಯಸ್ಸಾದವರು, ಕೂಸು ಇರೋ ಮನೆಗೆ ಆ ಎರಡೂವರೆ ತಿಂಗಳಿಗೆ ಏಸಿ ಬೇಕು. ಕೊಳ್ಳಲೇಬೇಕಂತಿಲ್ಲ, ಸೀಸನ್‌ಗೆ ಬಾಡಿಗೆಗೂ ಸಿಗುತ್ತೆ.

ಹೈದರಾಬಾದ್, ಪುಣೆಯವರಿಗೆ ಮಳೆ ಬರೋ ತನಕ ಕೂಲರ್ ಚೆನ್ನಾಗಿ ನಡೆಯುತ್ತೆ. ಚೆನ್ನೈ, ಮುಂಬೈಯವರು ಒದ್ದೆ ಬಟ್ಟೆ ಪರೀಕ್ಷೆ ಮಾಡಿ ನೋಡಿ, ಕೂಲರ್ ಅಂಗಡಿಗೆ ಹೋಗೋ ಖರ್ಚು ಉಳಿಯುತ್ತೆ.

ಅಪ್ಪ ಈಗಲೂ ಮೇ ತಿಂಗಳಿಗೇ ಬರ್ತಾರೆ. ಏಸಿ ಹಾಕಿದ್ರೆ ಮಂಡಿ ಹಿಡಿಯುತ್ತೆ ಅಂತ ಬೈತಾರೆ. ಎದುರಿನ ಬಾಗಿಲು ನಾಲ್ಕು ಬೆರಳು ತೆರೆದು, ಕೂಲರ್ ಮುಂದೆ ಚಾಪೆ ಹಾಸಿ ಮಲಗ್ತಾರೆ. ಪಕ್ಕದಲ್ಲಿ ಒಂದು ತಂಬಿಗೆ ನೀರು ಇಟ್ಟಿರ್ತೀನಿ, ಸಂಜೆ ಬಂದು ಎಷ್ಟು ಖಾಲಿಯಾಗಿದೆ ಅಂತ ನೋಡ್ತೀನಿ.