ಚಾರ್ಜರಿನ ನಡುಪಿನ್ನು

ಬಸವನಗುಡಿ, ಚಾಮರಾಜಪೇಟೆಗಳ ಮನೆಗಳಲ್ಲಿ ಲ್ಯಾಪ್‌ಟಾಪಿನ ಚಾರ್ಜರ್ ಕೆಟ್ಟಾಗ ಹಲವರು ಹೋಗುವುದು ಪುರಭವನಕ್ಕೆ ಸಮೀಪದ ಸಾದರ ಪತ್ರಪ್ಪ ರಸ್ತೆಗೆ, ಅಂದರೆ ಊರವರ ಎಸ್.ಪಿ. ರೋಡಿಗೆ. ಅಲ್ಲಿ ಕಡಿಮೆ ಬೆಲೆಗೆ ಕೊಂಡು ತಂದ ಅಡಾಪ್ಟರನ್ನು ಹಳೆಯ ಡೆಲ್ ಯಂತ್ರಕ್ಕೆ ಸಿಕ್ಕಿಸಿದರೆ ಪ್ಲಗ್ಗು ಸರಿಯಾಗಿ ಕೂರುತ್ತದೆ, ಯಂತ್ರವೂ ನಡೆಯುತ್ತದೆ. ಆದರೆ ಬ್ಯಾಟರಿ ಮಾತ್ರ ತುಂಬದೆ, ಪರದೆಯ ಮೇಲೆ ಹೀಗೊಂದು ಎಚ್ಚರಿಕೆ ಮೂಡುವುದುಂಟು:

```
The AC power adapter wattage and type cannot be determined.
```

ಅಡಾಪ್ಟರಿನ ಸಾಮರ್ಥ್ಯ ಎಷ್ಟೆಂದು ತಿಳಿಯಲಾಗಲಿಲ್ಲ ಎಂಬುದೇ ಇದರ ಅರ್ಥ.

2003ರಲ್ಲಿ ಬಂದ ಡೆಲ್ ಲ್ಯಾಟಿಟ್ಯೂಡ್ ‘ಡಿ’ ಸರಣಿಯ ಯಂತ್ರಗಳಿಗೆ 65 ವ್ಯಾಟಿನ ಮತ್ತು 90 ವ್ಯಾಟಿನ ಅಡಾಪ್ಟರುಗಳೆರಡೂ ಇದ್ದು, ಎರಡಕ್ಕೂ 7.4 ಮಿಲಿಮೀಟರ್ ವ್ಯಾಸದ ಒಂದೇ ಬಗೆಯ ದುಂಡು ಪ್ಲಗ್ಗು ಇತ್ತು. ಬ್ಯಾಟರಿಯನ್ನು ತುಂಬುತ್ತಲೇ ಪೂರ್ಣ ವೇಗದಲ್ಲಿ ಓಡುವ ಯಂತ್ರವು ಚಿಕ್ಕ ಅಡಾಪ್ಟರಿನಿಂದ ಅಳತೆ ಮೀರಿ ವಿದ್ಯುತ್ತನ್ನು ಎಳೆದರೆ ಅದು ಕಾದು ಕೆಡಬಹುದಾದ್ದರಿಂದ, ಎದುರಿಗಿರುವುದು ಯಾವ ಅಡಾಪ್ಟರ್ ಎಂಬುದು ಯಂತ್ರಕ್ಕೆ ಮೊದಲೇ ತಿಳಿಯಬೇಕಾಗುತ್ತದೆ. ಆ ಕೆಲಸಕ್ಕೆಂದೇ ಇರುವುದು ಪ್ಲಗ್ಗಿನ ನಡುವಿನ ಸೂಜಿಯಂಥ ಮೂರನೆಯ ಪಿನ್ನು.

ದುಂಡು ಲೋಹದ ಒಳಮೈಯಲ್ಲಿ 19.5 ವೋಲ್ಟಿನ ಧನ ತುದಿಯೂ ಹೊರಮೈಯಲ್ಲಿ ಋಣ ತುದಿಯೂ ಇರುತ್ತವೆ. ಬ್ಯಾಟರಿಗೆ ಬೇಕಾದ ಶಕ್ತಿಯೆಲ್ಲ ಹರಿಯುವುದು ಇವೆರಡರಲ್ಲೇ. ನಡುಪಿನ್ನಿನಿಂದ ಹೊರಟ ತೆಳು ತಂತಿಯು ಅಡಾಪ್ಟರಿನೊಳಗಿನ ಪುಟ್ಟ ಸ್ಮೃತಿ ಚಿಪ್ಪನ್ನು, ಅಂದರೆ ಬರೆದಿಟ್ಟ ಅಕ್ಷರಗಳನ್ನು ಕೇಳಿದಾಗ ಒಪ್ಪಿಸುವ ಬಿಡಿಭಾಗವನ್ನು, ಸೇರುತ್ತದೆ. ಡಲ್ಲಾಸ್ ಸೆಮಿಕಂಡಕ್ಟರ್ ಸಂಸ್ಥೆ ರೂಪಿಸಿದ ‘ಒನ್-ವೈರ್’ ಪದ್ಧತಿಯಲ್ಲಿ ಮಾಹಿತಿಯೂ ಚಿಪ್ಪಿಗೆ ಬೇಕಾದ ಅಲ್ಪ ವಿದ್ಯುತ್ತೂ ಅದೊಂದೇ ತಂತಿಯಲ್ಲಿ ಸಾಗುತ್ತವೆ. ಯಂತ್ರ ಓದಿಕೊಳ್ಳುವ ಸಾಲಿನ ಮೊದಲ ಭಾಗ ಹೀಗಿರುತ್ತದೆ:

```
DELL00AC090195046
```

ಇದರಲ್ಲಿ 090 ಎಂದರೆ 90 ವ್ಯಾಟ್, 195 ಎಂದರೆ 19.5 ವೋಲ್ಟ್, 046 ಎಂದರೆ 4.6 ಆಂಪಿಯರ್. ಈ ಉತ್ತರ ಬಾರದಿದ್ದರೆ ಯಂತ್ರವು ಸಾಮರ್ಥ್ಯವನ್ನು ಊಹಿಸುವ ಗೋಜಿಗೆ ಹೋಗದೆ, ಬ್ಯಾಟರಿ ತುಂಬುವುದನ್ನು ನಿಲ್ಲಿಸಿ, ಪ್ರೊಸೆಸರಿನ ವೇಗವನ್ನೂ ತಗ್ಗಿಸುತ್ತದೆ. ಆದ್ದರಿಂದಲೇ ಬೇಕಾದ್ದಕ್ಕಿಂತ ಹೆಚ್ಚು ವ್ಯಾಟಿನ ಅಡಾಪ್ಟರ್ ತಂದರೂ, ಅದರಲ್ಲಿ ಚಿಪ್ಪಿಲ್ಲದಿದ್ದರೆ ಎಚ್ಚರಿಕೆ ತಪ್ಪುವುದಿಲ್ಲ.

ಅಸಲಿ ಚಾರ್ಜರಿಗೂ ಇದೇ ಗತಿ ಬರಬಹುದು. ಪ್ಲಗ್ಗಿನ ಬುಡದಲ್ಲಿ ಮತ್ತೆಮತ್ತೆ ಬಾಗುವ ಕೇಬಲಿನೊಳಗೆ ಮೊದಲು ತುಂಡಾಗುವುದು ಬಹುಮಟ್ಟಿಗೆ ಆ ತೆಳು ತಂತಿಯೇ. ಮಲ್ಟಿಮೀಟರ್ ಹಿಡಿದರೆ 19.5 ವೋಲ್ಟ್ ಸರಿಯಾಗಿಯೇ ಕಾಣುವುದರಿಂದ ದೋಷ ಬ್ಯಾಟರಿಯದೆಂದು ಭಾವಿಸಿ ಹೊಸದನ್ನು ಕೊಳ್ಳುವವರಿದ್ದಾರೆ. ಅದು ದಂಡದ ಖರ್ಚು. ಅದೇ ಬಗೆಯ, ಸುಸ್ಥಿತಿಯಲ್ಲಿರುವ ಇನ್ನೊಂದು ಅಸಲಿ ಚಾರ್ಜರನ್ನು ಹಾಕಿ ನೋಡಿದರೆ ದೋಷ ಎಲ್ಲಿದೆಯೆಂಬುದು ಬಹುತೇಕ ತಿಳಿದುಹೋಗುತ್ತದೆ. ಅದರಲ್ಲೂ ಎಚ್ಚರಿಕೆ ಬಂದರೆ ಮಾತ್ರ ಲ್ಯಾಪ್‌ಟಾಪಿನ ಸಾಕೆಟ್ಟನ್ನೋ ಬೋರ್ಡನ್ನೋ ಶಂಕಿಸಬೇಕು.

ಚಾರ್ಜರ್ ಕೊಳ್ಳಲು ಹೋಗುವವರು ಲ್ಯಾಪ್‌ಟಾಪನ್ನು ಜೊತೆಗೇ ಒಯ್ದು, ಅಂಗಡಿಯಲ್ಲೇ ಸಿಕ್ಕಿಸಿ, ಯಂತ್ರ ಆರಂಭವಾಗುವಾಗ F2 ಒತ್ತಿ, ಬಯೋಸ್ ಪುಟದಲ್ಲಿ ಅಡಾಪ್ಟರಿನ ವ್ಯಾಟ್ ಸಂಖ್ಯೆ ಕಾಣುತ್ತಿದೆಯೇ ಎಂದು ನೋಡಿದ ಮೇಲೆಯೇ ಹಣ ಕೊಡಬೇಕು.