ವರಮಹಾಲಕ್ಷ್ಮಿ ಆಫರ್: ಮೊದಲು ಏನು ನೋಡಬೇಕು?

ಶ್ರಾವಣ ಹುಣ್ಣಿಮೆಗೆ ಮುಂಚಿನ ಶುಕ್ರವಾರ ವರಮಹಾಲಕ್ಷ್ಮಿ ವ್ರತ. ಅಂಗಡಿಯಲ್ಲಿ ಆಗಲೇ ‘ರೇಷ್ಮೆ ಸೀರೆಗೆ ಪೂಜಾ ಸೆಟ್ ಉಚಿತ’ ಎಂಬ ಬೋರ್ಡ್. ಅಡುಗೆ ಮುಗಿಸಿ ಓಡಿಬರುವ ಗೃಹಿಣಿ ಮೊದಲು ನೋಡಬೇಕಾದ್ದು ಸೆಟ್ಟನ್ನಲ್ಲ, ಸೀರೆಯಲ್ಲಿರುವ ಸಿಲ್ಕ್ ಮಾರ್ಕ್ ಚೀಟಿಯನ್ನು. ಅದಿಲ್ಲದಿದ್ದರೆ ಸೆರಗಿನ ಅಂಚಿನ ಒಂದೆಳೆ ಕೇಳಿ ಸುಟ್ಟು ನೋಡಬಹುದು. ರೇಷ್ಮೆ ಕೂದಲು ಸುಟ್ಟ ವಾಸನೆ ಬೀರಿ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಆಮೇಲೆ ಲೆಕ್ಕ. 4,000 ರೂಪಾಯಿ ಸೀರೆಗೆ 500ರ ಸೆಟ್ ಉಚಿತ ಎನ್ನೋಣ. ಪಕ್ಕದ ಅಂಗಡಿ ಅದೇ ಸೀರೆಗೆ ಶೇ. 20 ಕಡಿತ ಕೊಟ್ಟರೆ 800 ಉಳಿಯುತ್ತದೆ. ಮನೆಯಲ್ಲಿ ಕಲಶದ ಚೊಂಬು, ದೀಪ ಇದ್ದವರಿಗೆ ಇದೇ ಮೇಲು.

ಸೆಟ್ ಬೇಕೇ ಬೇಕೆಂದರೆ ಲೋಹ ಯಾವುದೆಂದು ಕೇಳಿ. ‘ಜರ್ಮನ್ ಸಿಲ್ವರ್’ನಲ್ಲಿ ಬೆಳ್ಳಿ ಇಲ್ಲ, ಅದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ. ಬಿಲ್ ಇಲ್ಲದೆ ಅಂಗಡಿಯಿಂದ ಹೊರಡಬೇಡಿ.